ಸಹಾಯ ಬೇಕು: ಹಳೇ ಫ್ರಿಜ್ ಬದಲಿಸಿದರೆ ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಲ್ಲಿ ಬಾಡಿಗೆ ಮನೆ, ಹಳೇ ಡಬಲ್ ಡೋರ್ ಫ್ರಿಜ್ ಇದೆ. ಪ್ಲಗ್‌ಗೆ ಎನರ್ಜಿ ಮೀಟರ್ ಹಾಕಿ ವಾರ ಪೂರ್ತಿ ಬಿಟ್ಟು ನೋಡಿದೆ. ಕಂಪ್ರೆಸರ್ ಆನ್ ಆಫ್ ಆಗ್ತಾ ಇರೋದ್ರಿಂದ ಒಂದೆರಡು ಗಂಟೆಯ ಲೆಕ್ಕ ನಂಬೋಕಾಗಲ್ಲ. ದಿನಕ್ಕೆ ಸರಾಸರಿ 2 ಯೂನಿಟ್ ಬಂತು, ಅಂದರೆ ವರ್ಷಕ್ಕೆ 730.

ನೋಡಿಟ್ಟಿರೋ 3 ಸ್ಟಾರ್ ಫ್ರಿಜ್‌ನ ಲೇಬಲ್‌ನಲ್ಲಿ ವರ್ಷಕ್ಕೆ 220 ಅಂತಿದೆ. ಅದು ಲ್ಯಾಬ್ ಲೆಕ್ಕ. ನಮ್ಮ ಅಡುಗೆಮನೆ ಸೆಕೆ, ಬಾಗಿಲು ತೆಗೆದು ಹಾಕೋದು ಎಲ್ಲಾ ಸೇರಿಸಿ 280 ಹಿಡಿದೆ. ಉಳಿತಾಯ 450 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂದ್ಕೊಂಡರೆ ವರ್ಷಕ್ಕೆ 3,150. ಎಕ್ಸ್‌ಚೇಂಜ್ ಕಳೆದು 23,000 ಕೊಡಬೇಕು, ಹಾಗಾಗಿ ಏಳು ವರ್ಷ ದಾಟುತ್ತೆ.

ಆದರೆ ನಮಗೆ ಗೃಹಜ್ಯೋತಿ ಇದೆ. ಎಂಟು ತಿಂಗಳು ಬಿಲ್ ಸೊನ್ನೆ, ಆಗ ಯೂನಿಟ್ ಉಳಿಸಿದರೂ ದುಡ್ಡು ಉಳಿಯಲ್ಲ. ಬೇಸಿಗೆಯ ನಾಲ್ಕು ತಿಂಗಳು 215ರ ಹತ್ತಿರ ಹೋಗುತ್ತೆ. 200 ದಾಟಿದ ಕೂಡಲೇ ಪೂರ್ತಿ ಬಿಲ್, ಸುಮಾರು 1,500. ತಿಂಗಳಿಗೆ 37 ಯೂನಿಟ್ ಇಳಿದರೆ 178ಕ್ಕೆ ಬರ್ತೀವಿ, ಅದು ನಮ್ಮ ಮಿತಿಯೊಳಗೇ ಇದೆ. ಹೀಗೆ ನೋಡಿದರೆ ವರ್ಷಕ್ಕೆ 6,000 ಉಳಿದು, ನಾಲ್ಕೇ ವರ್ಷದೊಳಗೆ ದುಡ್ಡು ವಾಪಸ್. ನನಗೆ ಈ ಲೆಕ್ಕವೇ ಸರಿ ಅನ್ಸುತ್ತೆ.

ಇನ್ನೊಂದು ವಿಷಯ: ಬಾಗಿಲಿನ ಕೆಳಮೂಲೆಯಲ್ಲಿ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆದರೆ ಹಿಡಿತವೇ ಇಲ್ಲದೆ ಜಾರಿ ಬರುತ್ತೆ, ಅಲ್ಲೇ ನೀರಹನಿ ಕೂರುತ್ತೆ. ಗ್ಯಾಸ್ಕೆಟ್ ಬದಲಿಸಿದ ಮೇಲೆ ಯಾರಾದರೂ ಮತ್ತೆ ಮೀಟರ್ ಹಾಕಿ ಅಳೆದಿದ್ದೀರಾ? ಎಷ್ಟು ಇಳಿಯಿತು? ಹೊಸ 3 ಸ್ಟಾರ್ ಇರೋರು ಏಪ್ರಿಲ್, ಮೇ ತಿಂಗಳ ದಿನದ ಯೂನಿಟ್ ಹೇಳಿದರೆ ನನ್ನ 280 ಸರಿಯೋ ಅಲ್ಲವೋ ಗೊತ್ತಾಗುತ್ತೆ. ದಯವಿಟ್ಟು ಲೀಟರ್ ಎಷ್ಟು ಅಂತಲೂ ತಿಳಿಸಿ.