ಪದಚರ್ಚೆ: ‘ಗ್ರಾಹಕರನ್ನು ಸೆಳೆಯತಕ್ಕದ್ದಲ್ಲ’ ಅಂದರೆ ಮಾಡಬಾರದ್ದು ಏನು?

ಸಾಗರದ ಅನುವಾದಕಿ

ಎಲ್ಲರಿಗೂ ನಮಸ್ಕಾರ. ಅಡಿಕೆ ತೋಟಗಳಿಗೆ ಹನಿ ನೀರಾವರಿ ಸಾಮಾನು ಮತ್ತು ಗೊಬ್ಬರ ಮಾರುವ ಶಿವಮೊಗ್ಗದ ಸಂಸ್ಥೆಯೊಂದರ ನೇಮಕಾತಿ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಹಿ ಹಾಕುವವರು ತೋಟ ತಿರುಗಿ ಮಾರಾಟ ಮಾಡುವ ಹುಡುಗರು. ಕೊನೆಯ ಪುಟದ ಮೂರು ಷರತ್ತುಗಳನ್ನು ಸದ್ಯಕ್ಕೆ ಹೀಗೆ ಬರೆದಿದ್ದೇನೆ:

ಒಂದು, ಸಂಸ್ಥೆಯ ಗೌಪ್ಯ ಮಾಹಿತಿಯನ್ನು ಕೆಲಸ ಬಿಟ್ಟ ಮೇಲೂ ಬಹಿರಂಗಪಡಿಸತಕ್ಕದ್ದಲ್ಲ. ಎರಡು, ಕೆಲಸ ಬಿಟ್ಟ ಮೇಲೆ 1 ವರ್ಷ ಸಂಸ್ಥೆಯ ಗ್ರಾಹಕರನ್ನು ಸೆಳೆಯತಕ್ಕದ್ದಲ್ಲ. ಮೂರು, ಕೆಲಸ ಬಿಟ್ಟ ಮೇಲೆ 1 ವರ್ಷ ಶಿವಮೊಗ್ಗ ಜಿಲ್ಲೆಯಲ್ಲಿ ಇದೇ ವ್ಯಾಪಾರದ ಬೇರೆ ಸಂಸ್ಥೆಗೆ ಸೇರತಕ್ಕದ್ದಲ್ಲ.

ಓದಿದವರೊಬ್ಬರು ‘ಎರಡಕ್ಕೂ ಮೂರಕ್ಕೂ ಏನು ವ್ಯತ್ಯಾಸ, ಬೇರೆ ಕಡೆ ಸೇರಿದರೆ ಗ್ರಾಹಕರನ್ನು ಸೆಳೆದ ಹಾಗೇ ಅಲ್ಲವೇ’ ಎಂದರು. ಅಂದಮೇಲೆ ನನ್ನ ಕನ್ನಡದಲ್ಲೇ ಎಲ್ಲೋ ತಪ್ಪಿದೆ. ಇಂಗ್ಲಿಷ್ ಮೂಲದಲ್ಲಿರುವ ‘ಸಾಲಿಸಿಟ್’ ಎಂಬುದಕ್ಕೆ ‘ಸೆಳೆ’ ಸರಿಯೇ?

ಭದ್ರಾವತಿಯ ಲೆಕ್ಕಪತ್ರದವರು

ಮೇಡಂ, ಪದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 1872ರ ಕರಾರು ಕಾಯ್ದೆಯ ಕಲಂ 27ರ ಪ್ರಕಾರ ದುಡಿಮೆಗೆ ಅಡ್ಡ ಬರುವ ಕರಾರು ಶೂನ್ಯ. ಕೆಲಸ ಬಿಟ್ಟ ಮೇಲೆ ಈ ಮೂರರಲ್ಲಿ ಒಂದೂ ನಿಲ್ಲುವುದಿಲ್ಲ. ಯಾವ ಪದ ಹಾಕಿದರೂ ಒಂದೇ.

ಶಿವಮೊಗ್ಗದ ವಕೀಲರು

ಮೂರನೆಯದರ ಬಗ್ಗೆ ನೀವು ಹೇಳಿದ್ದು ಸರಿ, ಉಳಿದೆರಡರ ಬಗ್ಗೆ ಅಲ್ಲ. ಕಲಂ 27 ಅಂಥ ಕರಾರನ್ನು ‘ಅಷ್ಟರ ಮಟ್ಟಿಗೆ’ ಶೂನ್ಯ ಎನ್ನುತ್ತದೆ. ಆ ‘ಅಷ್ಟರ ಮಟ್ಟಿಗೆ’ಯನ್ನು ಬಿಟ್ಟು ಓದುವುದರಿಂದಲೇ ಈ ಗೊಂದಲ. ಒಂದು ಷರತ್ತು ಬಿದ್ದರೆ ಪತ್ರವಿಡೀ ಬೀಳುವುದಿಲ್ಲ.

ಕೆಲಸದಲ್ಲಿರುವಾಗ ಬೇರೆ ಕಡೆ ದುಡಿಯಬಾರದು ಎಂಬ ತಡೆ ಊರ್ಜಿತ. ಸುಪ್ರೀಂ ಕೋರ್ಟ್ 1967ರಲ್ಲಿ ಗೋಲಿಕರಿ ಪ್ರಕರಣದಲ್ಲಿ ಇದನ್ನು ಎತ್ತಿಹಿಡಿದಿದೆ. ಕೆಲಸ ಮುಗಿದ ಮೇಲೂ ಪೈಪೋಟಿಯವರಲ್ಲಿ ಸೇರಬಾರದು ಎಂದರೆ ನಮ್ಮ ದೇಶದಲ್ಲಿ ಅದು ನಿಲ್ಲುವುದಿಲ್ಲ. ಅವಧಿ 1 ವರ್ಷವೇ ಇರಲಿ, ಪ್ರದೇಶ ಒಂದೇ ತಾಲ್ಲೂಕಾಗಿರಲಿ, ಫಲ ಅದೇ. ವ್ಯಾಪಾರವನ್ನು ಅದರ ಹೆಸರು, ವರ್ಚಸ್ಸಿನ ಸಮೇತ ಮಾರಿದವನಿಗೆ ಮಾತ್ರ ಕಾಯ್ದೆಯೇ ಒಂದು ವಿನಾಯಿತಿ ಇಟ್ಟಿದೆ, ನೌಕರನಿಗೆ ಅದು ಅನ್ವಯಿಸದು.

ಗುಟ್ಟು ಕಾಯುವ ಷರತ್ತು ಹಾಗಲ್ಲ. ಅದು ಹೊಟ್ಟೆಪಾಡನ್ನು ತಡೆಯುವುದಿಲ್ಲ, ಬೇರೆಯವರ ಸೊತ್ತನ್ನು ಬಳಸಬೇಡ ಎನ್ನುತ್ತದೆ. ಎರಡನೆಯ ಷರತ್ತು ಇವೆರಡರ ನಡುವಿನದು, ಅದಕ್ಕೇ ಅಲ್ಲಿ ಪದದ ಮೇಲೆ ಇಷ್ಟು ಭಾರ ಬೀಳುವುದು. 2009ರಲ್ಲಿ ದೆಹಲಿ ಹೈಕೋರ್ಟ್ ಡೆಸಿಕೆಂಟ್ ರೋಟರ್ಸ್ ಪ್ರಕರಣದಲ್ಲಿ ನೌಕರ ಪೈಪೋಟಿಯ ಕಂಪನಿಗೆ ಸೇರುವುದನ್ನು ತಡೆಯಲಿಲ್ಲ. ಹಳೆಯ ಕಂಪನಿಯ ಗ್ರಾಹಕರನ್ನೂ ಸರಬರಾಜುದಾರರನ್ನೂ ತಾನಾಗಿ ಸಂಪರ್ಕಿಸಿ ವ್ಯಾಪಾರ ಕೇಳಬಾರದು ಎಂಬಷ್ಟನ್ನು ಮಾತ್ರ ಉಳಿಸಿತು. ಎಲ್ಲ ನ್ಯಾಯಾಲಯಗಳೂ ಇದನ್ನು ಒಂದೇ ಅಳತೆಯಲ್ಲಿ ಒಪ್ಪುತ್ತವೆ ಎನ್ನಲಾರೆ. ಷರತ್ತು ಹರವಾದಷ್ಟೂ ಅದು ಮೂರನೆಯದರಂತೆ ಕಂಡು ಬಿದ್ದುಹೋಗುತ್ತದೆ.

ಈಗ ‘ಸೆಳೆ’ಗೆ ಬರುತ್ತೇನೆ. ಒಳ್ಳೆಯ ಅಂಗಡಿ ಬಾಗಿಲು ತೆರೆದರೆ ಸಾಕು, ಜನರನ್ನು ಸೆಳೆಯುತ್ತದೆ. ಯಾರೂ ಯಾರನ್ನೂ ಕರೆಯಬೇಕಾಗಿಲ್ಲ. ಅಂದರೆ ‘ಸೆಳೆ’ ಫಲವನ್ನು ಹೇಳುತ್ತದೆ, ಸಾಲಿಸಿಟ್ ಎಂಬುದು ತಾನಾಗಿ ಹೋಗಿ ಕೇಳುವ ಕೃತ್ಯವನ್ನು. ಹಳೆಯ ಗ್ರಾಹಕ ತಾನೇ ಹುಡುಕಿಕೊಂಡು ಬಂದರೂ ನಿಮ್ಮ ಕನ್ನಡದ ಪ್ರಕಾರ ಹುಡುಗ ತಪ್ಪಿತಸ್ಥ. ನಿಮ್ಮ ಓದುಗರಿಗೆ ಎರಡೂ ಮೂರೂ ಒಂದೇ ಎನಿಸಿದ್ದು ಇದರಿಂದಲೇ.

ತೀರ್ಥಹಳ್ಳಿಯ ನಿವೃತ್ತ ಕನ್ನಡ ಮೇಷ್ಟ್ರು

ವಕೀಲರು ಹೇಳಿದ ಭೇದ ಕನ್ನಡದಲ್ಲಿ ಮೊದಲಿನಿಂದಲೂ ಇದೆ. ಚುನಾವಣೆಯಲ್ಲಿ ಅಭ್ಯರ್ಥಿ ಮತ ಯಾಚನೆ ಮಾಡುತ್ತಾನೆ. ಮತ ಬಿದ್ದರೂ ಬೀಳದಿದ್ದರೂ ಅದು ಯಾಚನೆಯೇ. ‘ಮತ ಸೆಳೆದ’ ಎನ್ನಬೇಕಾದರೆ ಎಣಿಕೆ ಮುಗಿಯಬೇಕು. ಆದ್ದರಿಂದ ‘ಗ್ರಾಹಕರಲ್ಲಿ ವ್ಯಾಪಾರ ಯಾಚಿಸತಕ್ಕದ್ದಲ್ಲ’ ಎನ್ನಬಹುದು. ಬೇಡುವ ಛಾಯೆ ಇದೆ ಎಂದು ಹಿಂಜರಿದರೆ ‘ವ್ಯಾಪಾರ ಕೋರತಕ್ಕದ್ದಲ್ಲ’ ಎನ್ನಿ. ‘ಪುಸಲಾಯಿಸು’ ಬೇಡವೇ ಬೇಡ. ಅದರಲ್ಲಿ ಮೋಸದ ವಾಸನೆ ಇದೆ, ಇಲ್ಲಿ ಮೋಸದ ಮಾತೇ ಇಲ್ಲ.

‘ಗೌಪ್ಯ’ದ ಬಗ್ಗೆಯೂ ಒಂದು ಮಾತು. ಗುಪ್ತವಾಗಿಡಬೇಕಾದದ್ದು ಗೋಪ್ಯ, ಅದರ ಭಾವ ಗೋಪ್ಯತೆ. ‘ಗೌಪ್ಯತೆ’ ಬಳಕೆಯಲ್ಲಿ ಹರಡಿದೆ, ಆದರೂ ಕರಾರಿನಲ್ಲಿ ‘ಗೋಪ್ಯ ಮಾಹಿತಿ’ ಎನ್ನುವುದನ್ನೇ ನಾನು ಮೆಚ್ಚುತ್ತೇನೆ.

ಹೊಸನಗರದವರು

ನನ್ನದೂ ಇದೇ ಸಮಸ್ಯೆ. ಮೂರು ವರ್ಷಕ್ಕೆ ಬಾಂಡ್ ಬರೆಸಿಕೊಂಡಿದ್ದಾರೆ, ಮೊದಲೇ ಬಿಟ್ಟರೆ ಒಂದೂವರೆ ಲಕ್ಷ ಕಟ್ಟಬೇಕಂತೆ. ಮಾರ್ಕ್ಸ್ ಕಾರ್ಡೂ ಅವರ ಹತ್ತಿರವೇ ಇದೆ. ಇದು ಸೆಳೆಯುವ ಷರತ್ತಿಗೆ ಬರುತ್ತದೋ, ಪೈಪೋಟಿಯ ಷರತ್ತಿಗೆ ಬರುತ್ತದೋ?

ಶಿವಮೊಗ್ಗದ ವಕೀಲರು

ಎರಡಕ್ಕೂ ಅಲ್ಲ. ನಿಮ್ಮದು ಕೆಲಸದಲ್ಲಿ ಇಷ್ಟು ಕಾಲ ಇರುತ್ತೇನೆ ಎಂಬ ಮಾತು, ಇಲ್ಲಿ ಚರ್ಚೆ ಹೊರಟು ಹೋದ ಮೇಲಿನದು. 2025ರಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ 3 ವರ್ಷದ ಸೇವೆ, ತಪ್ಪಿದರೆ 2 ಲಕ್ಷ ರೂಪಾಯಿ ಎಂಬ ಷರತ್ತನ್ನು ಒಪ್ಪಿತು. ಹೊಸಬರನ್ನು ನೇಮಿಸಲು ಸಾರ್ವಜನಿಕ ಬ್ಯಾಂಕಿಗೆ ತಗಲುವ ಖರ್ಚನ್ನೂ ಅಲ್ಲಿ ಪರಿಗಣಿಸಲಾಗಿತ್ತು. ಹಾಗಾಗಿ ಎಲ್ಲ ಬಾಂಡ್‌ಗೂ ಅದೇ ಉತ್ತರ ಎಂದುಕೊಳ್ಳಬೇಡಿ. ಕಲಂ 74ರ ಪ್ರಕಾರ ಬರೆದ ಮೊತ್ತ ಮೇಲಿನ ಮಿತಿ. ಅದರೊಳಗೆ ನ್ಯಾಯವಾದಷ್ಟು ಪರಿಹಾರವನ್ನು ನ್ಯಾಯಾಲಯ ಕೊಡಿಸುತ್ತದೆ. ಮಾರ್ಕ್ಸ್ ಕಾರ್ಡಿನ ವಿಷಯ ಬೇರೆಯೇ. ವಾಪಸ್ ಕೊಡಿ ಎಂದು ಮೊದಲು ಲಿಖಿತವಾಗಿ ಕೇಳಿ, ಪ್ರತಿ ಇಟ್ಟುಕೊಳ್ಳಿ.

ಮೇಡಂ, ನಿಮ್ಮ ಕರಡಿನಲ್ಲಿ ಯಾರೂ ಕೇಳದ ಇನ್ನೊಂದು ಪದ ಇದೆ: ‘ಕೆಲಸ ಬಿಟ್ಟ ಮೇಲೆ’. 1980ರ ಕೃಷನ್ ಮುರ್ಗೈ ಪ್ರಕರಣದಲ್ಲಿ ಕಂಪನಿ ತನ್ನ ನೌಕರನನ್ನು ಕೆಲಸದಿಂದ ತೆಗೆದಿತ್ತು. ನಂತರ ಅವರು ಅದೇ ಬಗೆಯ ವ್ಯವಹಾರ ಶುರುಮಾಡಿದಾಗ 2 ವರ್ಷದ ತಡೆ ಷರತ್ತನ್ನು ಮುಂದಿಟ್ಟಿತು. ಆ ಷರತ್ತಿನಲ್ಲಿ ‘ನೀವು ಕಂಪನಿ ಬಿಟ್ಟ ಮೇಲೆ’ ಎಂಬರ್ಥದ ಮಾತಿತ್ತು. ಬಿಡುವುದೆಂದರೆ ತಾನಾಗಿ ಬಿಡುವುದು, ತೆಗೆದುಹಾಕಿದವನಿಗೆ ಅದು ತಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಇಬ್ಬರು ನ್ಯಾಯಮೂರ್ತಿಗಳು ಆ ಒಂದು ಪದದ ಮೇಲೆಯೇ ತೀರ್ಮಾನ ಮುಗಿಸಿದರು. ಕಲಂ 27ರ ಮಾತನ್ನು ವಿಸ್ತಾರವಾಗಿ ಬರೆದವರು ಮೂರನೆಯವರಾದ ನ್ಯಾಯಮೂರ್ತಿ ಎ.ಪಿ. ಸೇನ್. ಕನ್ನಡದ ‘ಬಿಟ್ಟ’ದಲ್ಲೂ ಅದೇ ಧ್ವನಿ ಇದೆ. ಮೂಲದಲ್ಲಿ ಯಾವುದೇ ಕಾರಣದಿಂದ ಕೆಲಸ ಕೊನೆಗೊಂಡರೂ ಎಂಬ ಅರ್ಥವಿದ್ದರೆ, ನೀವು ‘ಬಿಟ್ಟ’ ಎಂದು ಬರೆದು ಷರತ್ತನ್ನೇ ಕಿರಿದು ಮಾಡಿದ್ದೀರಿ.

ಸಾಗರದ ಅನುವಾದಕಿ

‘ಯಾವುದೇ ಕಾರಣದಿಂದ’ ಎಂದೇ ಇದೆ! ನನ್ನ ಕಣ್ಣು ತಪ್ಪಿಸಿತ್ತು. ಒಂದು ಉದಾಹರಣೆ ಹಿಡಿದು ಹೇಳುತ್ತೀರಾ? ತೀರ್ಥಹಳ್ಳಿ ಕಡೆಯ 60 ತೋಟ ನೋಡಿಕೊಳ್ಳುತ್ತಿದ್ದ ಹುಡುಗ ರಾಜೀನಾಮೆ ಕೊಟ್ಟು ಶಿವಮೊಗ್ಗದಲ್ಲೇ ಪೈಪೋಟಿಯವರಲ್ಲಿ ಸೇರಿದ ಎಂದಿಟ್ಟುಕೊಳ್ಳಿ.

ಶಿವಮೊಗ್ಗದ ವಕೀಲರು

ಸೇರಿದ್ದಕ್ಕೆ ತಡೆಯಿಲ್ಲ. ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬುದನ್ನು ಅವನು ಹಳೆಯ ಸಂಸ್ಥೆಯಲ್ಲೇ ಕಲಿತಿರಲಿ, ಅದು ಗೋಪ್ಯವಲ್ಲ. ಮಲೆನಾಡಿನ ಪ್ರತಿ ತೋಟದವರಿಗೂ ಗೊತ್ತಿರುವುದು. ತಲೆಯಲ್ಲಿ ಉಳಿದ ಕಸುಬು ಅವನದೇ. ತೋಟದವರ ಹೆಸರು, ಊರು, ಫೋನ್ ಕೂಡ ಅಷ್ಟರಿಂದಲೇ ಗುಟ್ಟಾಗುವುದಿಲ್ಲ. ಯಾರಿಗೆ ಎಷ್ಟು ರಿಯಾಯಿತಿ, ಯಾರ ಸಾಲ ಎಷ್ಟು ಬಾಕಿ, ಸಂಸ್ಥೆಗೆ ಪೈಪು ಯಾವ ದರಕ್ಕೆ ಬೀಳುತ್ತದೆ, ಮುಂದಿನ ಬೇಸಿಗೆಯ ದರಪಟ್ಟಿ ಏನು, ಇವು ಗೋಪ್ಯ. ಕೊನೆಯ ವಾರ ಆ ಹಾಳೆಯನ್ನು ಸ್ವಂತ ಇಮೇಲ್‌ಗೆ ಕಳಿಸಿಕೊಂಡರೆ, ಒಬ್ಬ ಗ್ರಾಹಕನಿಗೂ ಫೋನ್ ಮಾಡದಿದ್ದರೂ ಮೊದಲನೆಯ ಷರತ್ತಿನಲ್ಲಿ ಸಿಕ್ಕಿಬೀಳಬಹುದು. ಕಳಿಸಿದ ದಿನ, ಹೊತ್ತು ಎಲ್ಲ ಸಂಸ್ಥೆಯ ಮೇಲ್ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ, ಸಾಬೀತು ಸುಲಭ.

ಆ 60 ಜನರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿ ‘ಇನ್ನು ಇಲ್ಲಿ ತಗೊಳ್ಳಿ, ದರ ಕಡಿಮೆ ಮಾಡಿಸ್ತೀನಿ’ ಎಂದರೆ ಎರಡನೆಯದು ಮುರಿಯಿತು, ನಂಬರು ಬಾಯಿಪಾಠವಾಗಿದ್ದರೂ. ಅವರೇ ಹೊಸ ಅಂಗಡಿಗೆ ಬಂದು ಕೇಳಿದರೆ ಮುರಿಯಲಿಲ್ಲ. ವಾಟ್ಸಾಪ್ ಸ್ಟೇಟಸ್‌ನಲ್ಲಿ ‘ಇಂಥಲ್ಲಿ ಸೇರಿದ್ದೇನೆ’ ಎಂದಷ್ಟೇ ಹಾಕಿದರೆ ಅದು ಸುದ್ದಿ ಎಂದೇ ನನ್ನ ಅಭಿಪ್ರಾಯ. ಕೆಳಗೆ ದರವನ್ನೂ ಸೇರಿಸಿದರೆ ಎದುರಿನ ವಕೀಲರು ಬಿಡುವುದಿಲ್ಲ.

ಷರತ್ತು ಸೋಲುವುದು ಹೆಚ್ಚಾಗಿ ‘ಸಂಸ್ಥೆಯ ಗ್ರಾಹಕರು’ ಎಂಬ ಹರವಾದ ಮಾತಿನಿಂದ. ಅವನು ಮುಖವನ್ನೇ ನೋಡದ ಸೊರಬದ ಗ್ರಾಹಕರೂ ಅದರೊಳಗೆ ಬಂದುಬಿಡುತ್ತಾರೆ. ಕೊನೆಯ 12 ತಿಂಗಳಲ್ಲಿ ಅವನೇ ವ್ಯವಹರಿಸಿದವರು ಎಂದು ಕಟ್ಟಿದರೆ ನಿಲ್ಲುವ ಸಾಧ್ಯತೆ ಹೆಚ್ಚು. ಆದರೆ ಅದು ಸಂಸ್ಥೆ ಮೂಲದಲ್ಲಿ ತಿದ್ದಬೇಕಾದ ವಿಷಯ, ಅನುವಾದಕರು ತಾವಾಗಿ ತಿದ್ದುವಂತಿಲ್ಲ.

ಭದ್ರಾವತಿಯ ಲೆಕ್ಕಪತ್ರದವರು

ಒಪ್ಪಿದೆ ವಕೀಲರೇ, ಮೂರನ್ನೂ ಒಂದೇ ಗಂಟು ಕಟ್ಟಿದ್ದು ನನ್ನ ತಪ್ಪು. ಆದರೂ ಒಂದು ಪ್ರಶ್ನೆ. ಮೂರನೆಯದು ನಿಲ್ಲುವುದಿಲ್ಲ ಎಂದ ಮೇಲೆ ಅದನ್ನು ಕನ್ನಡಕ್ಕೆ ತಂದು ಹುಡುಗರನ್ನು ಹೆದರಿಸುವುದು ಏಕೆ?

ತೀರ್ಥಹಳ್ಳಿಯ ನಿವೃತ್ತ ಕನ್ನಡ ಮೇಷ್ಟ್ರು

ಮೂಲದಲ್ಲಿದ್ದರೆ ತರಲೇಬೇಕು ಮಾರಾಯ್ರೆ. ಹುಡುಗ ಸಹಿ ಹಾಕುವುದು ಯಾವುದಕ್ಕೆ ಎಂದು ಅವನಿಗೆ ಕಾಣಬೇಕಲ್ಲ.

ಸಾಗರದ ಅನುವಾದಕಿ

ಮೂರನೆಯದನ್ನು ತಂದಿದ್ದೇನೆ. ಅದು ಕಲಂ 27ರ ಎದುರು ನಿಲ್ಲದು ಎಂದು ಸಂಸ್ಥೆಗೆ ಪ್ರತ್ಯೇಕ ಪತ್ರವನ್ನೂ ಬರೆದಿದ್ದೇನೆ. ತಿದ್ದಿದ ಎರಡನೆಯ ಷರತ್ತು ಇದು:

‘ಯಾವುದೇ ಕಾರಣದಿಂದ ಕೆಲಸದ ಸಂಬಂಧ ಕೊನೆಗೊಂಡ ದಿನದಿಂದ 1 ವರ್ಷದವರೆಗೆ, ನೌಕರನು ಸಂಸ್ಥೆಯ ಗ್ರಾಹಕರನ್ನು ತಾನಾಗಿ ಅಥವಾ ಇನ್ನೊಬ್ಬರ ಮೂಲಕ ಸಂಪರ್ಕಿಸಿ ವ್ಯಾಪಾರ ಕೋರತಕ್ಕದ್ದಲ್ಲ.’

ಮೇಷ್ಟ್ರೇ, ‘ಯಾಚನೆ’ ಬಿಟ್ಟೆ, ಕ್ಷಮಿಸಿ. ತೋಟ ಸುತ್ತುವ ಹುಡುಗರಿಗೆ ಅದು ದೂರವೆನಿಸಿತು. ಮೂಲದಲ್ಲಿ ಇದರ ಬೆನ್ನಿಗೇ ಸಹನೌಕರರನ್ನೂ ಹೀಗೆ ಕರೆಯಬಾರದು ಎಂದಿದೆ. ಅವರಲ್ಲಿ ‘ವ್ಯಾಪಾರ ಕೋರು’ವುದು ಆಗದು. ‘ಕೆಲಸ ಬಿಟ್ಟು ಬರುವಂತೆ ಕೇಳತಕ್ಕದ್ದಲ್ಲ’ ಎನ್ನಲೇ? ಹೊಸ ಸಂಸ್ಥೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಅದನ್ನು ನೋಡಿ ಹಳೆಯ ಗೆಳೆಯ ಅರ್ಜಿ ಹಾಕಿದರೆ ಅದೂ ‘ಕೇಳಿದ’ ಹಾಗಾಗುತ್ತದೆಯೇ?

ಶಿವಮೊಗ್ಗದ ವಕೀಲರು

‘ಕೇಳತಕ್ಕದ್ದಲ್ಲ’ ಚೆನ್ನಾಗಿದೆ. ಜಾಹೀರಾತಿಗೆ ಒಂದೇ ಮಾತಿನ ಉತ್ತರವಿಲ್ಲ. ‘ಮಾರಾಟ ಪ್ರತಿನಿಧಿ ಬೇಕಾಗಿದ್ದಾರೆ’ ಎಂದಿದ್ದರೆ ಊರಿಗೆಲ್ಲ ಕೂಗಿದಂತೆ. ‘ಇಂಥ ಸಂಸ್ಥೆಯಲ್ಲಿ ಅನುಭವವಿದ್ದವರೇ ಬೇಕು’ ಎಂದಿದ್ದರೆ ಯಾರನ್ನು ಕೂಗಿದ್ದು ಎಂದು ಗೊತ್ತಾಗುತ್ತದೆ. ಇವೆರಡರ ನಡುವಿನದನ್ನು ಆ ಜಾಹೀರಾತಿನ ಪದಗಳನ್ನು ನೋಡದೆ ಹೇಳಲಾರೆ.