ಪದಚರ್ಚೆ: ಥಂಡಿಗೆ ಬಾತ ಬೆರಳಿಗೆ ಏನನ್ನಬೇಕು? ‘ಹಿಮಕಡಿತ’ ಅಂದರೆ ತಪ್ಪಾಗುತ್ತದೆ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ಅನುವಾದದ ಕೆಲಸ ಮಾಡುತ್ತೇನೆ. ನಮ್ಮ ಕಡೆಯಿಂದ ಬ್ರಿಟನ್, ಕೆನಡಾಕ್ಕೆ ಓದಲು ಹೋಗುವ ಹುಡುಗರಿಗಾಗಿ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಥಂಡಿಗೆ ಬೆರಳು ಬಾಯುವ ಚಿಲ್‌ಬ್ಲೇನ್ಸ್ ಮತ್ತು ಬೆರಳೇ ಹೆಪ್ಪುಗಟ್ಟುವ ಫ್ರಾಸ್ಟ್‌ಬೈಟ್ ಎಂಬ ಎರಡು ಪದಗಳು ಬಂದಿವೆ. ಎರಡೂ ಚಳಿಯಿಂದ ಬೆರಳಿಗೆ ಆಗುವ ತೊಂದರೆಗಳೇ ಅಂದುಕೊಂಡು ಮೊದಲ ಕರಡಿನಲ್ಲಿ ಎರಡಕ್ಕೂ ‘ಹಿಮಕಡಿತ’ ಅಂತಲೇ ಬರೆದುಬಿಟ್ಟೆ.

ಅದರಿಂದ ಆದದ್ದನ್ನು ಹೇಳುತ್ತೇನೆ. ನನ್ನ ಅಣ್ಣನ ಮಗಳು ಲೀಡ್ಸ್‌ನಲ್ಲಿ ಓದುತ್ತಿದ್ದಾಳೆ. ಜನವರಿಯ ಒಂದು ಸಂಜೆ, ಹೊರಗೆ ನಾಲ್ಕೈದು ಡಿಗ್ರಿ ಇದ್ದಾಗ, ಒದ್ದೆಯಾದ ಕ್ಯಾನ್ವಾಸ್ ಬೂಟಿನಲ್ಲಿ ಬಸ್‌ಸ್ಟಾಪಿನಿಂದ ನಡೆದು ಮನೆಗೆ ಬಂದಿದ್ದಾಳೆ. ಕೋಣೆಯ ಹೀಟರ್ ಹತ್ತುವುದೇ ಸಂಜೆ ಎರಡು ತಾಸು. ಬಂದವಳೇ ಅಂಗಾಲನ್ನು ಹೀಟರಿಗೆ ಒತ್ತಿ ಕೂತಿದ್ದಾಳೆ. ಮರುದಿನ ಫೋನ್ ಮಾಡಿ, “ಅತ್ತಿ, ಕಾಲಬೆರಳು ಸುಡಾಕತ್ತಾವ, ತುರಿಕಿ ತಡಿಯಾಕ ಆಗವಲ್ದು, ಬಾತು ನೇರಳೆಹಣ್ಣಿನಂಗ ಆಗ್ಯಾವ” ಅಂದಳು. ನಾನು ನನ್ನದೇ ಕರಡು ತೆಗೆದು, ‘ಹಿಮಕಡಿತ’ದ ಕೆಳಗೆ ಇದ್ದ ಸಾಲನ್ನು ಓದಿ, ಬಿಸಿನೀರಿನಲ್ಲಿ ಕಾಲಿಡು ಅಂದೆ. ಆಕೆ ಕೆಟಲಿನ ನೀರು ಬೆರೆಸಿಕೊಂಡು ಕಾಲಿಟ್ಟಳು. ರಾತ್ರಿಯೊಳಗೆ ಬಾವು ಹೆಚ್ಚಿತು, ಒಂದು ಬೆರಳಿನ ಮೇಲೆ ನೀರುಗುಳ್ಳೆ ಎದ್ದಿತು. “ಬೆರಳು ಕತ್ತರಿಸ್ತಾರೇನತ್ತಿ?” ಅಂತ ಅತ್ತಳು. ಆ ಸಾಲು ಬೇರೆಯದೇ ಕಾಯಿಲೆಗೆ ಬರೆದದ್ದು ಅಂತ ನನಗೆ ಆಮೇಲೆ ಗೊತ್ತಾಯಿತು. ಹಾಗಾಗಿ ಎರಡಕ್ಕೂ ಬೇರೆ ಬೇರೆ ಪದ ಬೇಕೇ ಬೇಕು. ಗುಳ್ಳೆ, ಹುಣ್ಣು, ಬಾವು, ಊತ, ಯಾವುದನ್ನು ಇಟ್ಟುಕೊಳ್ಳಲಿ?

ಹುಬ್ಬಳ್ಳಿಯಿಂದ ಒಬ್ಬರು

ಅಕ್ಕಾರ, ಎರಡೂ ಒಂದೇ ಜಾತಿಯವು, ಒಂದು ಸಣ್ಣದು, ಇನ್ನೊಂದು ದೊಡ್ಡದು. ಸಣ್ಣ ಹಿಮಕಡಿತ, ದೊಡ್ಡ ಹಿಮಕಡಿತ ಅಂತ ಬರೆದರೆ ಮುಗೀತು. ಬಿಟ್ಟರೆ ಬೆಳೆದು ದೊಡ್ಡದಾಗುತ್ತದೆ ಅಂತ ಒಂದು ಮಾತು ಸೇರಿಸಿ, ಹುಡುಗರು ಎಚ್ಚರ ಆಗ್ತಾರೆ. ನಮ್ಮ ಜಿಲ್ಲೆಯವರಿಗೆ ಈ ಪದ ಹೊಸದೇನಲ್ಲ. 2016ರಲ್ಲಿ ಸಿಯಾಚಿನ್‌ನಲ್ಲಿ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕಾಗ ಊರೂರಲ್ಲಿ ಪೂಜೆ ಆಗಿತ್ತಲ್ಲ. ಆಗ ಹಿಮಕಡಿತ ಎಲ್ಲರ ಬಾಯಲ್ಲೂ ಇತ್ತು.

ಗದಗ ಜಿಲ್ಲೆಯಿಂದ ಒಬ್ಬರು

ನೀವು ಕೇಳುತ್ತಿರುವುದು ಚಳಿಗಾಲಕ್ಕೆ ಹಿಮ್ಮಡಿ ಒಡೆಯುವುದಲ್ಲವೇ? ಅದಕ್ಕೆ ನಮ್ಮಲ್ಲಿ ಕಾಲೊಡಕು ಅಂತಲೇ ಅನ್ನುತ್ತಾರೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಬೇಕು.

ಬೆರಳು ಬಾಯುವ ಮಾತು ಬಂದದ್ದಕ್ಕೆ ಇನ್ನೊಂದು ಹೇಳುತ್ತೇನೆ. ನಮ್ಮದು ಎರೆಹೊಲ, ಹಿಂಗಾರಿಗೆ ಕಡಲಿ. ಸಣ್ಣಾಕಿ ಇದ್ದಾಗ ಅವ್ವನ ಜೊತೆ ನಸುಕಿನಲ್ಲಿ ಕಡಲಿ ಸೊಪ್ಪು ಚಿವುಟಲು ಹೋಗುತ್ತಿದ್ದೆ. ಎಲೆ ತುಂಬ ಇಬ್ಬನಿ, ಆ ಇಬ್ಬನಿಯಲ್ಲಿ ಕಡಲಿಯ ಹುಳಿ. ಒಂದು ತಾಸಿನಲ್ಲಿ ಬೆರಳು ಸೆಟೆಯುತ್ತಿದ್ದವು. ಮನೆಗೆ ಬಂದು ಒಲೆ ಮುಂದೆ ಕೈ ಹಿಡಿದರೆ ಉರಿ, ತುರಿಕೆ, ಮಧ್ಯಾಹ್ನಕ್ಕೆ ಬಾವು. ಅವ್ವ “ಬೆರಳಿಗೆ ಥಂಡಿ ಹತ್ತೇತಿ, ಒಲಿ ಹಂತ್ಯಾಕ ಕುಂದ್ರಬ್ಯಾಡ” ಅನ್ನುತ್ತಿದ್ದಳು. ಅದೂ ನೀವು ಹೇಳುವುದೇ ಏನೋ.

ಧಾರವಾಡದಿಂದ, ಸೇನೆಯಿಂದ ನಿವೃತ್ತರಾದ ವೈದ್ಯರೊಬ್ಬರು

ಹುಬ್ಬಳ್ಳಿಯವರ ಮಾತಿನಲ್ಲಿ ಅರ್ಧ ನಿಜ ಇದೆ. ಎರಡೂ ಚಳಿಯಿಂದ ಬರುತ್ತವೆ, ಎರಡೂ ಬೆರಳು, ಕಿವಿ, ಮೂಗಿನ ತುದಿ ಹುಡುಕಿಕೊಂಡು ಹೋಗುತ್ತವೆ. ಆದರೆ ಒಂದು ಬೆಳೆದು ಇನ್ನೊಂದಾಗುವುದಿಲ್ಲ. ಫ್ರಾಸ್ಟ್‌ಬೈಟ್‌ನಲ್ಲಿ ಚರ್ಮ, ಮಾಂಸದೊಳಗಿನ ನೀರು ಮಂಜುಗಡ್ಡೆಯಾಗುತ್ತದೆ. ಚಿಲ್‌ಬ್ಲೇನ್‌ನಲ್ಲಿ ಏನೂ ಹೆಪ್ಪುಗಟ್ಟುವುದಿಲ್ಲ. ಚರ್ಮ ಹೆಪ್ಪುಗಟ್ಟಬೇಕಾದರೆ ಅದರ ಉಷ್ಣತೆ ಸೊನ್ನೆಗಿಂತ ಅರ್ಧ ಡಿಗ್ರಿಯಷ್ಟಾದರೂ ಕೆಳಗೆ ಇಳಿಯಬೇಕು. ಹೊರಗಿನ ಗಾಳಿಯೇ ನಾಲ್ಕೈದು ಡಿಗ್ರಿ ಇದ್ದಾಗ ಅದು ಆಗುವುದಿಲ್ಲ. ಆದ್ದರಿಂದ ಮಗುವಿಗೆ ಆದದ್ದು ಹಿಮಕಡಿತ ಅಲ್ಲ, ಬೆರಳು ಕತ್ತರಿಸುವ ಮಾತೇ ಇಲ್ಲ.

ಅಲ್ಲಿ ಆಗುವುದು ಇಷ್ಟು. ಚಳಿಗೆ, ಅದರಲ್ಲೂ ತೇವ ಇರುವ ಚಳಿಗೆ, ಬೆರಳಿನ ಸಣ್ಣ ರಕ್ತನಾಳಗಳು ಸೆಡೆತುಕೊಳ್ಳುತ್ತವೆ. ಇದು ಎಲ್ಲರಿಗೂ ಆಗುತ್ತದೆ. ಕೆಲವರಲ್ಲಿ ಅವು ಅತಿಯಾಗಿ ಸೆಡೆತು, ಬೆರಳನ್ನು ಒಮ್ಮೆಲೇ ಬಿಸಿ ಮಾಡಿದಾಗ ಮೇಲಿನ ನಾಳಗಳು ಗಬಕ್ಕನೆ ತೆರೆದುಕೊಳ್ಳುತ್ತವೆ. ಬಂದ ರಕ್ತ ಅಷ್ಟೇ ಬೇಗ ಮುಂದೆ ಸಾಗುವುದಿಲ್ಲ, ನೀರು ಹೊರಗೆ ಜಿನುಗಿ ಬಾವು ಬರುತ್ತದೆ. ಅದಕ್ಕೇ ಇದು ಚಳಿಯಲ್ಲಿ ನಿಂತಾಗ ಕಾಣಿಸುವುದಿಲ್ಲ. ಮನೆಗೆ ಬಂದು ಕೆಲವು ತಾಸು ಕಳೆದ ಮೇಲೆ ಉರಿ, ತುರಿಕೆ ಶುರು. ಕಂಬಳಿಯೊಳಗೆ ಇನ್ನೂ ಜೋರು.

ಹಿಮಕಡಿತ ಇದಕ್ಕೆ ತಿರುಗಾಮುರುಗಾ. ಅದು ಚಳಿಯಲ್ಲಿ ಇರುವಾಗಲೇ ಆಗುತ್ತದೆ, ಆಗುವಾಗ ನೋವೇ ಗೊತ್ತಾಗುವುದಿಲ್ಲ. ಲಡಾಖಿನಲ್ಲಿ ನಾನು ನೋಡಿದ ಒಬ್ಬ ಹುಡುಗ “ಸಾಬ್, ಈಗ ಆರಾಮ ಇದೆ, ನೋವು ನಿಂತಿತು” ಅಂತ ಖುಷಿಯಿಂದ ಹೇಳಿದ. ಬೂಟು ಬಿಚ್ಚಿಸಿದರೆ ಹೆಬ್ಬೆರಳು ಬೂದುಬಿಳಿ, ಮೇಣದಬತ್ತಿಯ ಹಾಗೆ. ಒತ್ತಿದರೆ ತಗ್ಗು ಬೀಳಲಿಲ್ಲ, ಉಗುರು ಬಡಿದರೆ ಕಟ್ಟಿಗೆ ಬಡಿದ ಸಪ್ಪಳ. ಕನ್ನಡದ ‘ಮರಗಟ್ಟು’ ಎಂಬ ಮಾತು ನನಗೆ ಪೂರ್ತಿ ಅರ್ಥವಾದದ್ದು ಅವತ್ತು. ಉರಿಯುವ, ತುರಿಸುವ ಬೆರಳಿಗೆ ಜೀವ ಇದೆ. ಸುಮ್ಮನಾದ ಬೆರಳಿಗೇ ಅಂಜಬೇಕು.

ಉಪಚಾರವೂ ಉಲ್ಟಾ. ಹಿಮಕಡಿತಕ್ಕೆ, ಮತ್ತೆ ಹೆಪ್ಪುಗಟ್ಟುವ ಭಯ ಇಲ್ಲದ ಜಾಗಕ್ಕೆ ಬಂದ ಮೇಲೆ, 37ರಿಂದ 39 ಡಿಗ್ರಿಯ ನೀರಿನಲ್ಲಿ ಸುಮಾರು ಅರ್ಧ ತಾಸು ಇಟ್ಟು ಬೇಗ ಕರಗಿಸಬೇಕು. ತಿಕ್ಕಬಾರದು, ಬೆಂಕಿಗೆ ಹಿಡಿಯಬಾರದು, ಆಸ್ಪತ್ರೆಗೆ ಹೋಗಲೇಬೇಕು. ಚಿಲ್‌ಬ್ಲೇನ್‌ಗೆ ಅದೇ ಅವಸರದ ಬಿಸಿ ವೈರಿ. ಒಣಗಿಸಿ, ಒಣ ಉಣ್ಣೆಯ ಕಾಲುಚೀಲ ಹಾಕಿ, ಕೋಣೆಯ ಬಿಸಿಯಲ್ಲಿ ತಾನಾಗಿ ಬೆಚ್ಚಗಾಗಲು ಬಿಡಬೇಕು. ಕೆರೆಯಬಾರದು, ನೀರುಗುಳ್ಳೆ ಒಡೆಯಬಾರದು. ಚಳಿ ತಪ್ಪಿಸಿದರೆ ಒಂದರಿಂದ ಮೂರು ವಾರದಲ್ಲಿ ಇಳಿಯುತ್ತದೆ. ಮೂರು ವಾರ ದಾಟಿದರೆ, ಕೀವು ಬಂದರೆ, ಬಿಸಿಲುಕಾಲ ಬಂದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ದೇಹದ ರಕ್ಷಣಾ ಶಕ್ತಿ ತನ್ನ ಮೈಮೇಲೆಯೇ ತಿರುಗಿಬೀಳುವ ಲೂಪಸ್‌ನಂಥ ರೋಗ ಕೆಲವೊಮ್ಮೆ ಹೀಗೆಯೇ ಮೊದಲು ಮುಖ ತೋರಿಸುತ್ತದೆ.

ಹನುಮಂತಪ್ಪನವರ ವಿಷಯ. ಆಗ ಆಸ್ಪತ್ರೆಯಿಂದ ಬಂದ ಪ್ರಕಟಣೆಯಲ್ಲಿ ಹಿಮಕಡಿತ ಆಗಿಲ್ಲ ಅಂತಲೇ ಇತ್ತು. ಅವರ ಇಡೀ ಮೈ ತಣ್ಣಗಾಗಿತ್ತು, ನೀರಿನಂಶ ಬತ್ತಿತ್ತು, ಆಮ್ಲಜನಕ ಸಾಲದಾಗಿತ್ತು. ಮೈ ತಣ್ಣಗಾಗುವುದು ಬೇರೆ, ಬೆರಳು ಹೆಪ್ಪುಗಟ್ಟುವುದು ಬೇರೆ. ಆ ವೀರನ ಹೆಸರಿನ ಜೊತೆ ತಪ್ಪು ಪದ ಅಂಟಬಾರದು ಅಂತ ಇದನ್ನು ಬರೆದೆ.

ಗದಗಿನ ತಂಗಿಯವರ ತಾಯಿ ಹೇಳಿದ್ದು ಸರಿಯಾದ ಮಾತು. ಇಬ್ಬನಿಯಲ್ಲಿ ನೆನೆದ ಕೈ, ನಸುಕಿನ ಥಂಡಿ, ಆಮೇಲೆ ಒಲೆ. ನಮ್ಮ ಕಡೆಯೂ ಅಪರೂಪಕ್ಕೆ ಇದು ಆಗಬಹುದು. ಆದರೆ ಕಡಲಿಯ ಹುಳಿಯೂ ಚರ್ಮ ಉರಿಸುತ್ತದೆ. ಯಾವುದರಿಂದ ಬಾತಿತ್ತು ಅಂತ ಇಷ್ಟು ವರ್ಷದ ಮೇಲೆ, ಕೈ ನೋಡದೆ ಹೇಳಲಾರೆ.

ಹಾವೇರಿಯಿಂದ ಒಬ್ಬ ಮಾಸ್ತರರು

ಪದಕ್ಕೆ ಬರೋಣ. ‘ಚಳಿಗುಳ್ಳೆ’ ಬೇಡ, ಮೈ ಜುಮ್ಮೆಂದಾಗ ಏಳುವುದಕ್ಕೆ ಆ ಮಾತು ಬಳಕೆಯಲ್ಲಿದೆ. ‘ಚಳಿಹುಣ್ಣು’ ಅಂದರೆ ತುಟಿಯ ಮೇಲೆ ಏಳುವ ಜ್ವರದ ಹುಣ್ಣು ಅಂದುಕೊಳ್ಳುತ್ತಾರೆ. ಹಿಮ ಎಂಬ ಮಾತನ್ನಂತೂ ಇದರ ಹತ್ತಿರ ತರಬೇಡಿ. ಜರ್ಮನ್ನರು ಇದನ್ನು ಫ್ರಾಸ್ಟ್‌ಬಾಯ್ಲೆ ಅನ್ನುತ್ತಾರೆ, ಫ್ರೆಂಚರ ಆಂಜ್‌ಲ್ಯೂರ್‌ನಲ್ಲೂ ಹೆಪ್ಪುಗಟ್ಟುವುದರ ಮೂಲವೇ ಇದೆ. ಇಂಗ್ಲಿಷ್ ಮಾತ್ರ ಚಳಿ ಎಂಬುದಕ್ಕೆ ಗುಳ್ಳೆಯ ಹಳೆಯ ಮಾತನ್ನು ಸೇರಿಸಿ ಹಿಮವನ್ನು ಹೊರಗಿಟ್ಟಿದೆ. ನಾವೂ ಆ ದಾರಿ ಹಿಡಿಯೋಣ.

ಆ ತಾಯಿಯ ಮಾತಿನಲ್ಲೇ ಪದ ಇದೆ: ಥಂಡಿಬಾವು. ದಕ್ಷಿಣದವರಿಗೆ ಚಳಿಬಾವು. ಫ್ರಾಸ್ಟ್‌ಬೈಟ್‌ಗೆ ಹಿಮಕಡಿತ ಪತ್ರಿಕೆಗಳಲ್ಲಿ ನೆಲೆ ನಿಂತಿದೆ, ಇರಲಿ. ಆದರೆ ಕಡಿತ ಅಂದರೆ ಒಂದೋ ಹಾವಿನದು, ಇಲ್ಲವೇ ವಿದ್ಯುತ್ತಿನದು. ನನಗೆ ‘ಹೆಪ್ಪುಗಾಯ’ ಹೆಚ್ಚು ಹಿಡಿಸುತ್ತದೆ. ಕೇಳಿದವನಿಗೆ ಒಳಗೆ ಏನಾಗಿದೆ ಎಂಬುದೇ ಹೆಸರಿನಲ್ಲಿ ತಿಳಿಯುತ್ತದೆ.

ಒಂದೇ ಅನುಮಾನ ಉಳಿದಿದೆ. ನಮ್ಮ ಹಳ್ಳಿಗಳಲ್ಲಿ ಬಾವು ಅಂದಕೂಡಲೇ ಕೀವು ನೆನಪಾಗುವ ಜನ ಇದ್ದಾರೆ. ಸೂಜಿ ಕಾಸಿ ಚುಚ್ಚುತ್ತಾರೆ. ಅದಕ್ಕೆ ‘ಚಳಿಯೂತ’ ಮಾಡೋಣವೇ ಅಂದರೆ ನಾಲಿಗೆಗೆ ಹತ್ತುತ್ತಿಲ್ಲ.

ಹುಬ್ಬಳ್ಳಿಯಿಂದ, ಮತ್ತೆ

ಡಾಕ್ಟರ್ ಸಾಹೇಬರ, ಹನುಮಂತಪ್ಪನವರ ವಿಷಯ ತಿದ್ದಿದ್ದು ಒಳ್ಳೇದಾಯ್ತು, ಒಪ್ಪಿದೆ. ಆದರೆ ಹೆಪ್ಪುಗಾಯ ಅಂದರೆ ರಕ್ತ ಹೆಪ್ಪುಗಟ್ಟಿದ ಪೆಟ್ಟು ಅಂತ ತಿಳಿಯುವುದಿಲ್ಲವೇ? ನಾನಂತೂ ಹಾಗೇ ಓದಿದೆ. ಹಿಮಕಡಿತವೇ ಇರಲಿ. ‘ಕೆಂಬಾವು’ ಹೇಗೆ? ಕೆಂಪಗೆ ಬಾಯುತ್ತದಲ್ಲ.

ಧಾರವಾಡದಿಂದ, ಪ್ರಶ್ನೆ ಕೇಳಿದವಳು

‘ಕೆಂಬಾವು’ ಬೇಡ ಅನಿಸುತ್ತದೆ. ಇಂಗ್ಲಿಷ್ ಪುಸ್ತಕಗಳು ಕೆಂಪು ಅನ್ನುವುದು ಬೆಳ್ಳಗಿನ ಚರ್ಮ ನೋಡಿ. ನನ್ನ ಸೊಸೆಯದು ನಮ್ಮಂಥ ಎಣ್ಣೆಗಪ್ಪು ಮೈ. ವಿಡಿಯೋದಲ್ಲಿ ನೋಡಿದೆ, ಕೆಂಪು ಎಲ್ಲೂ ಕಾಣಲಿಲ್ಲ, ನೇರಳೆಗಪ್ಪು ಕಂಡಿತು. ಕಪ್ಪಗಾದದ್ದು ನೋಡಿಯೇ ಆಕೆ ಬೆರಳು ಸತ್ತಿತು ಅಂತ ಹೆದರಿದ್ದು. ಡಾಕ್ಟರ್ ಹೇಳಿದಂತೆ ಒತ್ತಿ ನೋಡಲು ಹೇಳಿದೆ. ಮೆತ್ತಗೆ ತಗ್ಗು ಬಿತ್ತು, ಮುಟ್ಟಿದ್ದು ತಿಳಿಯಿತು, ನೋಯಿತು. ಆ ನೋವು ಕೇಳಿ ನನಗೆ ಸಮಾಧಾನವಾಯಿತು. ಈಗ ಹದಿನೆಂಟನೆಯ ದಿನ. ಬಾವು ಇಳಿದು ಬೆರಳ ತುದಿಯಲ್ಲಿ ಸಿಪ್ಪೆ ಏಳುತ್ತಿದೆ. ಹೀಟರಿಗೆ ಕಾಲು ಒತ್ತುವುದನ್ನು ಬಿಟ್ಟಿದ್ದಾಳೆ, ಎರಡು ಜೊತೆ ಉಣ್ಣೆ ಚೀಲ ಕೊಂಡಿದ್ದಾಳೆ.

ಕೈಪಿಡಿಯ ಆ ಪುಟವನ್ನು ಹೀಗೆ ತಿದ್ದಿದ್ದೇನೆ:

“ಥಂಡಿಬಾವು: ತೇವದ ಚಳಿಯಿಂದ ಒಳಗೆ ಬಂದು ಕೆಲವು ತಾಸಿನ ಮೇಲೆ ಬೆರಳು ಬಾತು, ಉರಿದು, ತುರಿಸುತ್ತದೆ. ಬಣ್ಣ ಕೆಂಪು ಅಥವಾ ನೇರಳೆಗಪ್ಪು. ಬಿಸಿನೀರು, ಹೀಟರ್ ಬೇಡ. ಒಳಗೆ ಕೀವಿಲ್ಲ, ಚುಚ್ಚಬೇಡಿ. ಹಿಮಕಡಿತ: ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಇರುವಾಗಲೇ ಬೆರಳು ಬಿಳಿಚಿ ಅಥವಾ ಬೂದಿಬಣ್ಣಕ್ಕೆ ತಿರುಗಿ, ಮರಗಟ್ಟಿ, ಸ್ಪರ್ಶ ತಿಳಿಯದಂತಾಗುತ್ತದೆ. ತಿಕ್ಕಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.”

ಮಾಸ್ತರರ ಅನುಮಾನಕ್ಕೆ ‘ಒಳಗೆ ಕೀವಿಲ್ಲ’ ಅಂತ ಸೇರಿಸಿದ್ದೇನೆ. ಆದರೂ ಹೆಸರೇ ದಾರಿ ತಪ್ಪಿಸುವಂತಿದ್ದರೆ ಈ ಸಾಲು ಸಾಕಾಗುವುದಿಲ್ಲ. ರೋಣ, ಶಿಗ್ಗಾವಿ, ಕಲಘಟಗಿ ಕಡೆಯವರು ನಿಮ್ಮ ಮನೆಯ ಹಿರಿಯರನ್ನು ಕೇಳಿ ತಿಳಿಸಿ: “ಬೆರಳಿಗೆ ಬಾವು ಬಂದೈತಿ” ಅಂದರೆ ಅವರ ಕಣ್ಣಿಗೆ ಮೊದಲು ಬರುವುದು ಬಾತ ಬೆರಳೋ, ಕೀವೋ? ಪುಟ ಅಚ್ಚಿಗೆ ಹೋಗಲು ಇನ್ನೂ ಹತ್ತು ದಿನ ಇದೆ.