ಮೆಕ್ಕೆಜೋಳದ ರಾಶಿ ಒಳಗೆ 46 ಡಿಗ್ರಿ, ಮೀಟರ್ ಮಾತ್ರ 12.8 ಅಂತೈತೆ

ಜಗಳೂರು_ಬಸಣ್ಣ
ಮೂರು ದಿನದಿಂದ ತಲೆ ಕೆಟ್ಟೋಗಿದೆ. ರೇಟು ಏರಲಿ ಅಂತ 60 ಕ್ವಿಂಟಲ್ ಮೆಕ್ಕೆಜೋಳ ಮನೆ ಹಿಂದಿನ ಕೋಣೆಗೆ ಸುರಿದಿದ್ದೀನಿ. ತೇವ 12.8, ಎರಡು ಸಲ ನೋಡಿದ್ದೀನಿ. ಆದ್ರೂ ಒಳಗೆ ಬಿಸಿ. ಸೂಜಿ ಥರ್ಮಾಮೀಟರ್ ಚುಚ್ಚಿದ್ರೆ 46 ತೋರಿಸ್ತು. ಮೀಟರ್ ಕೊಟ್ಟ ಅಂಗಡಿಯವನು ಫೋನೇ ಎತ್ತಲ್ಲ. ಮೀಟರ್ ಸುಳ್ಳಾ, ಥರ್ಮಾಮೀಟರ್ ಸುಳ್ಳಾ, ಯಾರಾದ್ರೂ ಹೇಳ್ರಪ್ಪ.

ನುಸಿ_ವೈರಿ
ಎರಡೂ ಸುಳ್ಳಲ್ಲ ಸಾರ್, ಇದು ನುಸಿ. ಹುಳ ಉಸಿರಾಡಿದ್ರೆ ಬಿಸಿ ಬಂದೇ ಬರುತ್ತೆ. ಗುಳಿಗೆ ಹಾಕಿ ತಾಡಪಾಲು ಮುಚ್ಚಿ, ವಾರದಲ್ಲಿ ತಣ್ಣಗಾಗುತ್ತೆ. ನಮ್ಮನೇಲಿ ಹೋದ ವರ್ಷ ಹಂಗೇ ಮಾಡಿದ್ವಿ.

ಗೋದಾಮು_ಅಕ್ಕ
ಮನೆಗೆ ಅಂಟಿದ ಕೋಣೆ ಅಂತಿದ್ದಾರೆ, ಗುಳಿಗೆ ಮಾತು ಬೇಡ. ಆ ಗ್ಯಾಸು ಬಾಗಿಲ ಸಂದಿಯಲ್ಲಿ ಬಂದು ಮಲಗಿದವರನ್ನ ಕೊಲ್ಲುತ್ತೆ. ಅದನ್ನ ಅನುಮತಿ ಇರೋ ತಜ್ಞರೇ ಹಾಕಬೇಕು. ಬಸಣ್ಣ, 46 ಯಾವ ಜಾಗದ್ದು, ಎಷ್ಟು ಆಳದ್ದು? 12.8 ನೋಡಿದ ಕಾಳು ಎಲ್ಲಿಂದ ತೆಗೆದದ್ದು? ಟ್ರ್ಯಾಲಿ ಎಲ್ಲಿ ನಿಲ್ಲಿಸಿ ಸುರಿದ್ರಿ?

ಜಗಳೂರು_ಬಸಣ್ಣ
ರಾಶಿ ಅಂದ್ರೆ ರಾಶಿ ಅಕ್ಕ, ಜಾಗ ಏನು. ಕೋಣೆ 10-12 ಅಡಿ. ಹಿಂದಿನ ಗೋಡೆ ಹತ್ರ ನಾಲ್ಕಡಿ ಎತ್ತರ, ಬಾಗಿಲ ಕಡೆ ಇಳಿಜಾರು. ತೇವಕ್ಕೆ ಕಾಳು ಬಾಗಿಲ ಹತ್ರ ತಗೊಂಡೆ, ಕೈಗೆ ಸಿಕ್ಕಿದ್ದು.

ಹರಿಹರದ_ಹುಡುಗ
ಸೂಜಿ ಥರ್ಮಾಮೀಟರ್ ಎಲ್ಲ ಹಳೇದು ಗುರು. ನಾನು ಬಿದಿರಿಗೆ ಐದು ಸೆನ್ಸರ್ ಕಟ್ಟಿ ರಾಶಿಗೆ ಇಳಿಸಿದ್ದೀನಿ, ಮೊಬೈಲ್‌ನಲ್ಲಿ ಗ್ರಾಫ್ ಬರುತ್ತೆ. ಮೇಲಿನದು 21, ನಡುವಿನದು 28. ಬೇಕಾದ್ರೆ ಫೋಟೋ ಹಾಕ್ತೀನಿ. ಮೀಟರ್ ಅಂತೂ ನಂಬಲೇಬೇಡಿ, ಗೋಧಿಗೆ ಸೆಟ್ ಮಾಡಿ ಮಾರಿರ್ತಾರೆ.

ನುಸಿ_ವೈರಿ
28ಕ್ಕೆ ನೀನು ಸಂಭ್ರಮ ಪಡ್ತೀಯ, ಹುಳಕ್ಕೆ ಅದೇ ಹಬ್ಬ. ನಿನ್ನ ರಾಶೀಲೂ ನುಸಿ ಐತೆ ಬಿಡು.

ಹರಿಹರದ_ಹುಡುಗ
ಬಾ, ಬಂದು ಜರಡಿ ಹಿಡಿ. ಒಂದು ಹುಳ ತೋರಿಸಿದ್ರೆ ಚೀಲ ನಿಂದೇ.

ಭರಮಸಾಗರ_ತಾತ
ಹಗೇವಿನಲ್ಲಿ ಜೋಳ ಹಾಕಿದ್ದೀರೇನಪ್ಪ? ನಮ್ಮಪ್ಪ ಹಗೇವಿನ ತಳಕ್ಕೂ ಗೋಡೆಗೂ ಹುಲ್ಲು ಹಾಸಿ ತುಂಬಿ ಬಾಯಿ ಮುಚ್ಚಿದ್ರೆ ವರ್ಷಗಟ್ಟಲೆ ಇಡ್ತಿದ್ದ. ತೆಗೆಯೋ ದಿನ ಬಾಯಿ ತೆರೆದು ಬಿಟ್ಟು, ದೀಪ ಇಳಿಸಿ ನೋಡಿ, ದೀಪ ಉಳಿದ್ರೆ ಮಾತ್ರ ಆಳು ಇಳಿಸ್ತಿದ್ದ. ಬಾಯಿ ಹತ್ರದ್ದು ಬೂಸ್ಟು ಹಿಡಿದಿರ್ತಿತ್ತು, ಕೆಳಗೆ ಚಿನ್ನ.

ಜಗಳೂರು_ಬಸಣ್ಣ
ತಾತ, ಹಗೇವು ಅಲ್ಲ, ಕೋಣೆ. ಜೋಳ ಅಲ್ಲ, ಮೆಕ್ಕೆಜೋಳ.

ಗೋದಾಮು_ಅಕ್ಕ
ಹುಡುಗನ 28ರಲ್ಲೇ ಅರ್ಧ ಉತ್ತರ ಐತೆ. ಕಾಳು ಶಾಖ ಹಿಡಿದಿಟ್ಟುಕೊಳ್ಳುತ್ತೆ, ಬೇಗ ಬಿಡಲ್ಲ. ನವೆಂಬರ್ ಬಿಸಿಲಲ್ಲಿ ಒಣಗಿಸಿ ಸುರಿದದ್ದು ಡಿಸೆಂಬರ್ ಚಳೀಲೂ ನಡುವೆ 28-30 ಇದ್ದರೆ ಅದು ಹಳೇ ಬಿಸಿ. ಅಂಚು ತಣ್ಣಗೆ, ನಡು ಬೆಚ್ಚಗೆ, ದಿನದಿಂದ ದಿನಕ್ಕೆ ನಿಧಾನವಾಗಿ ಇಳೀತಾ ಹೋದ್ರೆ ಗಾಬರಿ ಬೇಡ. ಒಂದೇ ಜಾಗ ಪಕ್ಕದ್ದಕ್ಕಿಂತ ಬಿಸಿಯಾಗಿ, ನಾಳೆ ಇನ್ನೂ ಏರಿದ್ರೆ ಒಳಗೆ ಯಾವುದೋ ಜೀವ ಕೆಲಸ ಮಾಡ್ತೈತೆ ಅಂತ.

ಆ ಜೀವ ಯಾವುದು ಅನ್ನೋದನ್ನ 46 ಹೇಳುತ್ತೆ. ನುಸಿ 42 ದಾಟಿದ್ರೆ ಅಲ್ಲಿ ನಿಲ್ಲಲ್ಲ, ತಣ್ಣಗಿರೋ ಕಡೆ ಸರಿಯುತ್ತೆ ಇಲ್ಲ ಸಾಯುತ್ತೆ. ಬೂಸ್ಟು ಅದಕ್ಕೂ ಮೇಲೆ ಕಾಯಿಸಬಲ್ಲದು. ನುಸಿ_ವೈರಿ ಹೇಳಿದ್ದು ಪೂರ್ತಿ ತಪ್ಪಲ್ಲ. ಕೆಲವು ಸಲ ಹುಳ ಮೊದಲು ಬಂದು, ಅದರ ಉಸಿರಿನ ತೇವಕ್ಕೆ ಬೂಸ್ಟು ಹಿಂಬಾಲಿಸುತ್ತೆ. ಹಂಗಿದ್ರೆ ಬಿಸಿ ಜಾಗದ ಸುತ್ತ ಒಂದು ಅಡಿ ದೂರದ ಕಾಳು ಜರಡಿ ಹಿಡಿದಾಗ ಜೀವಂತ ಹುಳ ಸಿಗಬೇಕು.

ಇನ್ನು 12.8. ಅದು ಬಾಗಿಲ ಹತ್ರದ ಕಾಳಿನ ಲೆಕ್ಕ. ಎರಡು ಅಡಿ ಆಳದ ಮೂಲೆ ಬಗ್ಗೆ ಅದಕ್ಕೇನು ಗೊತ್ತು? ಬಿಸಿ ಜಾಗದಿಂದಲೇ ತೆಗೆದು, ಬಾಟಲಿಗೆ ತುಂಬಿ ಮುಚ್ಚಳ ಬಿಗಿದು, ಕೋಣೆಯಷ್ಟೇ ತಣ್ಣಗಾದ ಮೇಲೆ ಅಳೀರಿ. ಬಿಸಿ ಕಾಳು ಹಾಕಿದ್ರೆ ಮೀಟರ್ ತಪ್ಪು ಓದುತ್ತೆ. ಗೋಧಿ ಸೆಟ್ಟಿಂಗ್ ಮಾತೂ ಸರಿ, ಅದನ್ನೂ ನೋಡಿ.

ನುಸಿ_ವೈರಿ
ನಾನು ಮೊದಲೇ ಹೇಳಿದ್ನಲ್ಲ ಹುಳ ಅಂತ.

ಗೋದಾಮು_ಅಕ್ಕ
ಹ್ಞೂಂ, ನೀವೇ ಗೆದ್ರಿ. ಬಸಣ್ಣ, ಟ್ರ್ಯಾಲಿ ಪ್ರಶ್ನೆಗೆ ಉತ್ತರ ಬಂದಿಲ್ಲ.

ಜಗಳೂರು_ಬಸಣ್ಣ
ಹಿಂದಿನ ಕಿಟಕಿಯಿಂದ ಸುರಿದದ್ದು ಅಕ್ಕ. ನಾಲ್ಕು ಲೋಡೂ ಅದೇ ಕಿಟಕಿಯಿಂದ. ಕೊನೇ ಲೋಡು ತಗ್ಗಿನ ಹೊಲದ್ದು, ಸೋನೆ ಬಿದ್ದ ಮಾರನೇ ದಿನ ಒಕ್ಕಿದ್ದು. ಅದು ಸ್ವಲ್ಪ ಹಸಿ ಇತ್ತೇನೋ. ಹೇಳೋ ಅಷ್ಟು ದೊಡ್ಡದಲ್ಲ ಅಂದ್ಕೊಂಡೆ.

ಗೋದಾಮು_ಅಕ್ಕ
ಅದೇ ಹೇಳಬೇಕಿದ್ದದ್ದು! ಒಂದೇ ಕಡೆಯಿಂದ ಸುರಿದ್ರೆ ಗುಂಡು ಕಾಳು ಉರುಳಿ ದೂರ ಹೋಗುತ್ತೆ. ನುಚ್ಚು, ಪುಡಿ, ರವುದಿ ಬಿದ್ದಲ್ಲೇ ಕೂರುತ್ತೆ. ಆ ಕಂಬದಲ್ಲಿ ಗಾಳಿ ಆಡಲ್ಲ, ಒಡೆದ ಕಾಳಿಗೆ ಬೂಸ್ಟು ಬೇಗ ಹತ್ತುತ್ತೆ. ಅದರ ಮೇಲೆ ಹಸಿ ಲೋಡು. ಕಿಟಕಿ ಕೆಳಗೇ ತೋಡ್ರಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು. ಗಂಟು ಕಟ್ಟಿದ್ದು, ಮುಗ್ಗು ವಾಸನೆ ಬರೋದು ಎಲ್ಲ ಬೇರೆ ಚೀಲಕ್ಕೆ ತೆಗೀರಿ. ರಾಶಿ ಮಗುಚಿ ಒಳ್ಳೇದಕ್ಕೆ ಬೆರೆಸಬೇಡಿ, ಇದೊಂದು ಮಾತ್ರ ಕೇಳಿ.

ನುಸಿ_ವೈರಿ
ಒಣಗಿಸಿ ಕೋಳಿ ಫೀಡಿಗೆ ತಳ್ಳಿದ್ರೆ ಆಯ್ತಪ್ಪ.

ಗೋದಾಮು_ಅಕ್ಕ
ಒಣಗಿಸಿದ್ರೆ ಬೂಸ್ಟು ನಿಲ್ಲುತ್ತೆ, ಅದು ಬಿಟ್ಟ ಅಫ್ಲಾಟಾಕ್ಸಿನ್ ಅನ್ನೋ ವಿಷ ಹೋಗಲ್ಲ. ಕೋಳಿಗೂ ಬೇಡ, ಎಮ್ಮೆಗೂ ಬೇಡ. ಎಮ್ಮೆ ತಿಂದ್ರೆ ಹಾಲಿಗೂ ಇಳಿಯುತ್ತೆ.

ನುಸಿ_ವೈರಿ
ಹಂಗಂದ್ರೆ ಅರ್ಧ ದಾವಣಗೆರೆ ಮಾರ್ಕೆಟ್ಟೇ ಮುಚ್ಚಬೇಕು.

ಜಗಳೂರು_ಬಸಣ್ಣ (ನಾಲ್ಕು ದಿನ ಬಿಟ್ಟು)
ತೋಡಿದ್ವಿ. ಒಂದೂವರೆ ಅಡಿ ಕೆಳಗೆ ತಟ್ಟೆಯಷ್ಟಗಲ ಗಂಟು ಎದ್ದು ಬಂತು, ಮುರಿದ್ರೆ ಹಸಿರು-ಹಳದಿ ಪುಡಿ ಹಾರಿತು, ಹೊಗೆ ಥರ. ತಣ್ಣಗಾದ ಮೇಲೆ ಆ ಕಾಳು 17.6. ಪಕ್ಕದ ಒಂದು ಅಡಿ ದೂರದ್ದು 14.1. ಜರಡಿ ಹಿಡಿದಾಗ ಕೇಜಿಗೆ ಎರಡು ಹುಳ ಸಿಕ್ತು, ಅಷ್ಟೇ. ಕೆಟ್ಟದ್ದು ನಾಲ್ಕು ಚೀಲ ಬೇರೆ ಇಟ್ಟಿದ್ದೀನಿ, ಏನು ಮಾಡೋದು ಗೊತ್ತಿಲ್ಲ. ಉಳಿದದ್ದನ್ನ ಅಂಗಳದಲ್ಲಿ ತೆಳ್ಳಗೆ ಹರಡಿ, ಜರಡಿ ಹಿಡಿದು, ಗೋಡೆಯಿಂದ ಒಂದಡಿ ಬಿಟ್ಟು ಮತ್ತೆ ಕಟ್ಟಿದ್ದೀನಿ. ನಿನ್ನೆ ನಡು 26, ಇವತ್ತೂ 26. ಕಿಟಕಿ ಕಡೆ ಮೂಲೆ ಮಾತ್ರ ನಿನ್ನೆ 27, ಇವತ್ತು 28. ಆ ಗೋಡೆ ಆಚೆ ಬಚ್ಚಲು ಐತೆ.

ಗೋದಾಮು_ಅಕ್ಕ
ಬಚ್ಚಲು ಐತೆ ಅಂತ ಇವತ್ತು ಹೇಳ್ತಿದ್ದೀರಲ್ಲ! ಒಂದು ಡಿಗ್ರಿಗೆ ತೀರ್ಪು ಬೇಡ, ಥರ್ಮಾಮೀಟರ್ ಅಷ್ಟು ಆಚೀಚೆ ಆಗುತ್ತೆ. ಅದೇ ಜಾಗ, ಅದೇ ಆಳ, ಬೆಳಿಗ್ಗೆ ಅದೇ ಹೊತ್ತು, ಇನ್ನು ಐದು ದಿನ ಬರೆದಿಡಿ. ಏರ್ತಾ ಹೋದ್ರೆ ಆ ಮೂಲೆ ಮತ್ತೆ ತೆಗೀಬೇಕು.

ಜಗಳೂರು_ಬಸಣ್ಣ
ನಮ್ಮಪ್ಪ ಹದಿನೈದು ದಿನದ ಹಿಂದೆಯೇ ಸರಳು ಚುಚ್ಚಿ ಕೆನ್ನೆಗೆ ಒತ್ತಿ ನೋಡಿ "ಮೂಲೇಲಿ ಏನೋ ಐತೆ" ಅಂದಿದ್ದ. ನಾನು ಮೀಟರ್ ತೋರಿಸಿದ್ದೆ.

ಹರಿಹರದ_ಹುಡುಗ
ಐದು ಸೆನ್ಸರ್ ಸಾಕಾಗುತ್ತೆ ಬಸಣ್ಣ, ವೈರ್ ಸೇರಿಸಿ ನಾನೇ ಕಟ್ಟಿ ಕೊಡ್ತೀನಿ. ಕೋಣೆಯಲ್ಲಿ ವೈಫೈ ಸಿಗುತ್ತಾ?